ಸೇನೆಯ ಧಾರಾವಾಹಿ ಮತ್ತು ಕ್ವಿಜ್: ಹೆಗಲು ನೋಡಿ, ತೋಳು ನೋಡಿ. ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ 15, ಸೆಪ್ಟೆಂಬರ್ 17, ಜನವರಿ 26 ಹತ್ತಿರ ಬಂದರೆ ಕಲಬುರಗಿ, ಬೀದರ್, ಯಾದಗಿರಿಯ ಶಾಲೆ-ಕಾಲೇಜುಗಳಲ್ಲಿ ದೇಶಭಕ್ತಿ ಕ್ವಿಜ್ ನಡೆಯುತ್ತದೆ. ಅದರಲ್ಲಿ ಒಂದು ಸುತ್ತಾದರೂ ಸೇನೆಯ ಧಾರಾವಾಹಿಗಳ ಮೇಲೆ ಇರುತ್ತದೆ. ಪ್ರಶ್ನೆ ತಯಾರಿಸುವವನಾಗಿ ನನ್ನ ಹತ್ತಿರ ಬರುವ ಸಂದೇಹಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲವನ್ನೂ ಹೇಳಲು ಹೋಗಿಲ್ಲ. ಸಮವಸ್ತ್ರದ ಹೆಗಲು ಮತ್ತು ತೋಳನ್ನು ಓದುವುದು ಹೇಗೆ ಎನ್ನುವುದನ್ನೇ ಜಾಸ್ತಿ ಹೇಳಿದ್ದೇನೆ. ಅಷ್ಟು ಗೊತ್ತಾದರೆ ಧಾರಾವಾಹಿ ಎಲ್ಲಿ ಸರಿ, ಎಲ್ಲಿ ತಪ್ಪು ಅನ್ನುವುದು ತಾನಾಗಿ ಕಾಣುತ್ತದೆ.

ಇಂಥ ಕ್ವಿಜ್‌ಗಳಲ್ಲಿ ಸಾಮಾನ್ಯವಾಗಿ ಏನು ಕೇಳುತ್ತಾರೆ?

ಮೊದಲ ಬಗೆ ಸುಲಭದ್ದು. ಯಾವ ಧಾರಾವಾಹಿ, ಯಾವ ವಾಹಿನಿ, ಯಾವ ವರ್ಷ, ಯಾವ ನಟ, ಯಾವ ಪಾತ್ರ. ಎರಡನೆಯದು ಪಾತ್ರದ ಹಿಂದಿರುವ ನಿಜವಾದ ವ್ಯಕ್ತಿಯ ಬಗ್ಗೆ. ಅವರ ರೆಜಿಮೆಂಟ್ ಯಾವುದು, ಯಾವ ಯುದ್ಧ, ಯಾವ ಪದಕ. ಮೂರನೆಯದು ಸೇವೆಯ ಬದುಕಿನದು. ಹುದ್ದೆಯ ಗುರುತು, ಸೆಲ್ಯೂಟ್, ವಿಳಾಸ, ರಜೆ. ಮಕ್ಕಳು ಮೊದಲನೆಯದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಮೂರನೆಯದರಲ್ಲಿ ಸೋಲುತ್ತಾರೆ. ಅದಕ್ಕೆ ಕಾರಣ ಮಕ್ಕಳಲ್ಲ. ಧಾರಾವಾಹಿಗಳೇ ಅದನ್ನು ಸರಿಯಾಗಿ ತೋರಿಸುವುದು ಕಡಿಮೆ.

ಮೊದಲ ಬಗೆಗೆ ಯಾವ ಯಾವ ಧಾರಾವಾಹಿ ತಿಳಿದಿರಬೇಕು?

ದೂರದರ್ಶನದ ಎರಡು ಬಹಳ ಮುಖ್ಯ. ಒಂದು 1988ರಲ್ಲಿ ಶುರುವಾದ 'ಪರಮವೀರ ಚಕ್ರ'. ನಿರ್ದೇಶಕರು ಚೇತನ್ ಆನಂದ್. ಒಂದೊಂದು ಕಂತಿನಲ್ಲಿ ಒಬ್ಬೊಬ್ಬ ಪರಮವೀರ ಚಕ್ರ ಪಡೆದ ಯೋಧನ ಕಥೆ. ಮೇಜರ್ ಸೋಮನಾಥ ಶರ್ಮಾ ಪಾತ್ರದಲ್ಲಿ ಫಾರೂಕ್ ಶೇಖ್, ಅಬ್ದುಲ್ ಹಮೀದ್ ಪಾತ್ರದಲ್ಲಿ ನಸೀರುದ್ದೀನ್ ಶಾ. ಇನ್ನೊಂದು 1989ರ 'ಫೌಜಿ'. ಸೇನೆಯಲ್ಲೇ ಇದ್ದ ಕರ್ನಲ್ ರಾಜ್ ಕಪೂರ್ ಇದರ ನಿರ್ದೇಶಕರು. ಇವರು ಸಿನಿಮಾದ ರಾಜ್ ಕಪೂರ್ ಅಲ್ಲ, ಇಲ್ಲಿ ಎಷ್ಟೋ ಜನ ತಪ್ಪು ಮಾಡುತ್ತಾರೆ. ಶಾರುಖ್ ಖಾನ್ ಮಾಡಿದ ಪಾತ್ರ ಅಭಿಮನ್ಯು ರಾಯ್.

ಆಮೇಲೆ ಬಂದವುಗಳಲ್ಲಿ ಕೋಸ್ಟ್ ಗಾರ್ಡ್ ಕಥೆಯ 'ಸೀ ಹಾಕ್ಸ್', ನೌಕಾಪಡೆಯ 'ಆರೋಹಣ್', 2006ರ 'ಲೆಫ್ಟ್ ರೈಟ್ ಲೆಫ್ಟ್', ಕಬೀರ್ ಖಾನ್ ಮಾಡಿದ 2020ರ 'ದಿ ಫರ್ಗಾಟನ್ ಆರ್ಮಿ', ಅದೇ ವರ್ಷದ 'ಅವರೋಧ್' ಇಷ್ಟು ನೆನಪಿದ್ದರೆ ಸಾಕು. 2022ರಲ್ಲಿ ದೂರದರ್ಶನ 75 ಕಂತುಗಳ 'ಸ್ವರಾಜ್' ಶುರು ಮಾಡಿತು. ಇದು ಸೇನೆಯ ಕಥೆ ಅಲ್ಲ, ಸ್ವಾತಂತ್ರ್ಯ ಹೋರಾಟದ ಕಥೆ. ಆದರೂ ದೇಶಭಕ್ತಿ ಸುತ್ತಿನಲ್ಲಿ ಇದರ ಕಂತುಗಳ ಸಂಖ್ಯೆಯನ್ನು ಕೇಳುತ್ತಾರೆ.

ಶಾರುಖ್ ಖಾನ್ ಅವರ ಮೊದಲ ಧಾರಾವಾಹಿ 'ಫೌಜಿ' ಅಂದರೆ ಸರಿಯಾ?

ಪ್ರಸಾರವಾದ ಲೆಕ್ಕದಲ್ಲಿ ಸರಿ. ಆದರೆ ಅವರು ಮೊದಲು ಒಪ್ಪಿಕೊಂಡಿದ್ದು ಲೇಖ್ ಟಂಡನ್ ಅವರ 'ದಿಲ್ ದರಿಯಾ'. ಅದು ತಡವಾಯಿತು, 'ಫೌಜಿ' ಮೊದಲು ಬಂತು. ಪ್ರಶ್ನೆಯಲ್ಲಿ 'ಮೊದಲು ಪ್ರಸಾರವಾದ' ಎಂಬ ಮಾತು ಇದೆಯಾ ಅಂತ ನೋಡಿ ಉತ್ತರ ಕೊಡಿ. ಪ್ರಶ್ನೆ ಬರೆಯುವವರೂ ಆ ಮಾತನ್ನು ಬಿಡಬಾರದು.

ಹೆಗಲ ಮೇಲಿನ ನಕ್ಷತ್ರ ನೋಡಿ ಹುದ್ದೆ ಹೇಳುವುದು ಹೇಗೆ?

ಭೂಸೇನೆಯ ಅಧಿಕಾರಿಗಳಿಂದ ಶುರು ಮಾಡೋಣ. ಎರಡು ನಕ್ಷತ್ರ ಇದ್ದರೆ ಲೆಫ್ಟಿನೆಂಟ್. ಮೂರು ಇದ್ದರೆ ಕ್ಯಾಪ್ಟನ್. ನಕ್ಷತ್ರ ಇಲ್ಲದೆ ಬರೀ ಸಿಂಹ ಲಾಂಛನ ಇದ್ದರೆ ಮೇಜರ್. ಸಿಂಹದ ಜೊತೆ ಒಂದು ನಕ್ಷತ್ರ ಲೆಫ್ಟಿನೆಂಟ್ ಕರ್ನಲ್, ಎರಡು ಕರ್ನಲ್, ಮೂರು ಬ್ರಿಗೇಡಿಯರ್. ಅದರ ಮೇಲಿನವರ ಹೆಗಲಲ್ಲಿ ಖಡ್ಗ ಮತ್ತು ದಂಡ ಅಡ್ಡಡ್ಡ ಬರುತ್ತವೆ. ಅದು ಕಂಡರೆ ಜನರಲ್ ದರ್ಜೆ ಅಂತ ತಿಳಿಯಿರಿ.

ಈಗ ಮುಖ್ಯವಾದ ಮಾತು. ನಕ್ಷತ್ರದ ಜೊತೆ ಕೆಂಪು-ಹಳದಿ-ಕೆಂಪು ಬಣ್ಣದ ಒಂದು ಸಣ್ಣ ಅಡ್ಡಪಟ್ಟಿ ಕಂಡರೆ ಅವರು ಮೇಲೆ ಹೇಳಿದ ಅಧಿಕಾರಿಗಳಲ್ಲ, ಜೂನಿಯರ್ ಕಮಿಷನ್ಡ್ ಆಫೀಸರ್. ಎಲ್ಲರೂ ಜೆಸಿಓ ಅನ್ನುತ್ತಾರೆ. ಪಟ್ಟಿಯ ಜೊತೆ ಒಂದು ನಕ್ಷತ್ರ ನಾಯಬ್ ಸುಬೇದಾರ್, ಎರಡು ನಕ್ಷತ್ರ ಸುಬೇದಾರ್, ಸಿಂಹ ಇದ್ದರೆ ಸುಬೇದಾರ್ ಮೇಜರ್.

ಅಂದರೆ ಲೆಫ್ಟಿನೆಂಟ್‌ಗೂ ಎರಡು ನಕ್ಷತ್ರ, ಸುಬೇದಾರ್‌ಗೂ ಎರಡು ನಕ್ಷತ್ರ. ಮೇಜರ್‌ಗೂ ಸಿಂಹ, ಸುಬೇದಾರ್ ಮೇಜರ್‌ಗೂ ಸಿಂಹ. ಬೇರೆ ಮಾಡಿ ತೋರಿಸುವುದು ಆ ಪಟ್ಟಿ ಒಂದೇ. ಚಿತ್ರ ತೋರಿಸಿ ಹುದ್ದೆ ಕೇಳುವ ಸುತ್ತಿನಲ್ಲಿ ಹತ್ತಕ್ಕೆ ಎಂಟು ತಂಡ ಇಲ್ಲೇ ಅಂಕ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ಪರದೆಯ ಮೇಲೆ ಚಿತ್ರ ಬಂದ ಕೂಡಲೇ ನಕ್ಷತ್ರ ಎಣಿಸಬೇಡಿ. ಮೊದಲು ಪಟ್ಟಿ ಇದೆಯಾ ನೋಡಿ, ಆಮೇಲೆ ಎಣಿಸಿ.

ಹೆಗಲಲ್ಲಿ ಏನೂ ಇಲ್ಲದಿದ್ದರೆ?

ಆಗ ತೋಳು ನೋಡಬೇಕು. ಇಂಗ್ಲಿಷಿನ 'ವಿ' ಅಕ್ಷರದ ಆಕಾರದ ಪಟ್ಟಿ ಒಂದಿದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಏನೂ ಇಲ್ಲದಿದ್ದರೆ ಸಿಪಾಯಿ. ಟ್ಯಾಂಕ್ ಪಡೆಗಳಲ್ಲಿ ಹೆಸರು ಬದಲಾಗುತ್ತದೆ. ಅಲ್ಲಿ ಸಿಪಾಯಿ ಬದಲು ಸವಾರ್, ಹವಾಲ್ದಾರ್ ಬದಲು ದಫೇದಾರ್, ಸುಬೇದಾರ್ ಬದಲು ರಿಸಾಲ್ದಾರ್. ಕುದುರೆ ಪಡೆಯ ಕಾಲದಿಂದ ಬಂದ ಹೆಸರುಗಳು ಇವು. ಟ್ಯಾಂಕ್ ರೆಜಿಮೆಂಟಿನ ಕಥೆಯಲ್ಲಿ ಯಾರನ್ನಾದರೂ 'ಹವಾಲ್ದಾರ್' ಅಂತ ಕರೆದರೆ, ಬರೆದವರು ಸೇನೆಯವರನ್ನು ಕೇಳದೆ ಬರೆದಿದ್ದಾರೆ ಅಂತ ಅರ್ಥ.

ಹಳೆಯ ಧಾರಾವಾಹಿಯಲ್ಲಿ ಒಂದೇ ನಕ್ಷತ್ರದ ಅಧಿಕಾರಿ ಕಾಣುತ್ತಾರಲ್ಲ, ಅದು ತಪ್ಪಾ?

ತಪ್ಪಲ್ಲ. ಆಗ ಸೆಕೆಂಡ್ ಲೆಫ್ಟಿನೆಂಟ್ ಎಂಬ ಹುದ್ದೆ ಇತ್ತು, ಅವರಿಗೆ ಒಂದೇ ನಕ್ಷತ್ರ. 1971ರ ಯುದ್ಧದಲ್ಲಿ ಟ್ಯಾಂಕಿನೊಳಗೆ ಪ್ರಾಣ ಕೊಟ್ಟ ಅರುಣ್ ಖೇತ್ರಪಾಲ್ ಸೆಕೆಂಡ್ ಲೆಫ್ಟಿನೆಂಟ್ ಆಗಿದ್ದರು. ಈಗ ಆ ಹುದ್ದೆ ಬಳಕೆಯಲ್ಲಿ ಇಲ್ಲ. ತರಬೇತಿ ಮುಗಿಸಿದವರು ನೇರವಾಗಿ ಲೆಫ್ಟಿನೆಂಟ್ ಆಗುತ್ತಾರೆ. ಹಾಗಾಗಿ ಇಂದಿನ ಕಾಲದ ಕಥೆಯಲ್ಲಿ ಪಟ್ಟಿ ಇಲ್ಲದ ಒಂದೇ ನಕ್ಷತ್ರ ಕಂಡರೆ ಅದು ತಪ್ಪು, 1989ರ ಕಥೆಯಲ್ಲಿ ಕಂಡರೆ ಸರಿ.

ಬಟ್ಟೆಗೂ ಇದೇ ಮಾತು. ಭೂಸೇನೆಯ ಈಗಿನ ಚುಕ್ಕೆ ಚುಕ್ಕೆ ಮಾದರಿಯ ಕಾಂಬ್ಯಾಟ್ ಸಮವಸ್ತ್ರ ಹೊರಗೆ ಕಂಡಿದ್ದು 2022ರ ಜನವರಿ 15ರ ಸೇನಾ ದಿನದಂದು. ಕಾರ್ಗಿಲ್ ಕಥೆಯಲ್ಲಿ ಸೈನಿಕರು ಅದನ್ನು ಹಾಕಿಕೊಂಡಿದ್ದರೆ ಅದು 23 ವರ್ಷ ಮುಂಚಿತವಾಗಿ ಬಂದ ಬಟ್ಟೆ ಆಯಿತು.

ನಾಯಕ ಇಪ್ಪತ್ತೈದನೇ ವಯಸ್ಸಿಗೇ ಕರ್ನಲ್ ಆಗಿರುತ್ತಾನೆ. ಆಗುತ್ತದಾ?

ಆಗುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಒಬ್ಬರು 22ನೇ ವಯಸ್ಸಿಗೆ ಲೆಫ್ಟಿನೆಂಟ್ ಆದರು ಅಂತ ಇಟ್ಟುಕೊಳ್ಳಿ. ಈಗಿನ ನಿಯಮದಲ್ಲಿ 2 ವರ್ಷ ಸೇವೆ ಆದ ಮೇಲೆ ಕ್ಯಾಪ್ಟನ್, ಅಂದರೆ 24ಕ್ಕೆ. 6 ವರ್ಷಕ್ಕೆ ಮೇಜರ್, ಅಂದರೆ 28ಕ್ಕೆ. 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್, ಅಂದರೆ 35ಕ್ಕೆ. ಕರ್ನಲ್ ಆಗುವುದು ವರ್ಷದ ಲೆಕ್ಕದಲ್ಲಿ ಮಾತ್ರ ಅಲ್ಲ, ಆಯ್ಕೆ ಮಂಡಳಿ ಆರಿಸಬೇಕು. ಹಾಗಾಗಿ ತಲೆಯಲ್ಲಿ ಒಂದೂ ಬಿಳಿ ಕೂದಲಿಲ್ಲದ ಕರ್ನಲ್ ಟಿವಿಯಲ್ಲಿ ಬಂದರೆ ಅನುಮಾನ ಪಡಿ. ಮೊದಲಿನ ಕಾಲದಲ್ಲಿ ಈ ವರ್ಷಗಳ ಲೆಕ್ಕ ಬೇರೆ ಇತ್ತು, ಬಡ್ತಿ ಇನ್ನೂ ನಿಧಾನ.

ಧಾರಾವಾಹಿಯ ಅಕಾಡೆಮಿಗಳು ನಿಜವಾಗಿ ಇವೆಯಾ?

'ಲೆಫ್ಟ್ ರೈಟ್ ಲೆಫ್ಟ್' ಧಾರಾವಾಹಿಯ ಕಾಂಚನಜುಂಗಾ ಮಿಲಿಟರಿ ಅಕಾಡೆಮಿ ಕಲ್ಪನೆಯದು. ಅದು ಯಾವ ರಾಜ್ಯದಲ್ಲಿದೆ ಅಂತ ಯಾರಾದರೂ ಕೇಳಿದರೆ ಬಲೆಗೆ ಬೀಳಬೇಡಿ. ನಿಜವಾದವು ಪುಣೆ ಹತ್ತಿರದ ಖಡಕ್‌ವಾಸ್ಲಾದ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ ಅಂದರೆ ಎನ್‌ಡಿಎ, ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿ ಅಂದರೆ ಐಎಂಎ, ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ ಅಂದರೆ ಓಟಿಎ. ಎನ್‌ಡಿಎಯಲ್ಲಿ 3 ವರ್ಷ, ಅಲ್ಲಿಂದ ಭೂಸೇನೆಗೆ ಹೋಗುವವರಿಗೆ ಐಎಂಎಯಲ್ಲಿ 1 ವರ್ಷ.

ಆ ಧಾರಾವಾಹಿಯಲ್ಲಿ ಹುಡುಗರು ಹುಡುಗಿಯರು ಒಟ್ಟಿಗೆ ತರಬೇತಿ ಪಡೆಯುತ್ತಾರೆ. ಆ ಹೊತ್ತಿಗೆ ಚೆನ್ನೈನಲ್ಲಿ ಮಹಿಳಾ ಕ್ಯಾಡೆಟ್‌ಗಳು ಇದ್ದರು, ಎನ್‌ಡಿಎಯಲ್ಲಿ ಇರಲಿಲ್ಲ. ಸುಪ್ರೀಂ ಕೋರ್ಟ್ ಆದೇಶದ ನಂತರ 2022ರಲ್ಲಿ ಎನ್‌ಡಿಎಗೆ ಹುಡುಗಿಯರು ಸೇರಿದರು. ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ಹೊರಬಂದರು. ಈ ಸಂಖ್ಯೆ ಈಚೆಗೆ ಕ್ವಿಜ್‌ಗಳಲ್ಲಿ ಬರುತ್ತಿದೆ, ನೆನಪಿಟ್ಟುಕೊಳ್ಳಿ.

ಸೆಲ್ಯೂಟ್ ಬಗ್ಗೆ ಯಾವ ಪ್ರಶ್ನೆ ಬರುತ್ತದೆ?

ಮೂರು ಪಡೆಗಳ ಸೆಲ್ಯೂಟ್‌ಗೆ ಏನು ವ್ಯತ್ಯಾಸ ಅಂತ ಕೇಳುತ್ತಾರೆ. ಭೂಸೇನೆಯಲ್ಲಿ ಅಂಗೈ ಎದುರಿನವರಿಗೆ ಪೂರ್ತಿ ಕಾಣುತ್ತದೆ. ನೌಕಾಪಡೆಯಲ್ಲಿ ಅಂಗೈ ನೆಲದ ಕಡೆ ತಿರುಗಿರುತ್ತದೆ. ವಾಯುಪಡೆಯಲ್ಲಿ ಇವೆರಡರ ನಡುವೆ, ಸುಮಾರು 45 ಡಿಗ್ರಿ ಓರೆ. ವಾಯುಪಡೆ ಈ ಬದಲಾವಣೆ ಮಾಡಿಕೊಂಡಿದ್ದು 2006ರಲ್ಲಿ.

ಇನ್ನೊಂದು, ತಲೆ ಮೇಲೆ ಟೋಪಿ ಇಲ್ಲದೆ ನಮ್ಮ ಸೇನೆಯಲ್ಲಿ ಸೆಲ್ಯೂಟ್ ಹೊಡೆಯುವುದಿಲ್ಲ. ಬರಿದಲೆಯಲ್ಲಿದ್ದರೆ ಸಾವಧಾನ್ ನಿಲ್ಲುತ್ತಾರೆ. ಧಾರಾವಾಹಿಯಲ್ಲಿ ನಾಯಕನ ಕೂದಲು ಚೆನ್ನಾಗಿ ಕಾಣಲಿ ಅಂತ ಟೋಪಿ ತೆಗೆಸಿ ಸೆಲ್ಯೂಟ್ ಮಾಡಿಸುತ್ತಾರೆ. ಗಡ್ಡವೂ ಹಾಗೆ. ಭೂಸೇನೆಯಲ್ಲಿ ಸಾಮಾನ್ಯವಾಗಿ ಸಿಖ್ಖರಿಗೆ ಮಾತ್ರ ಗಡ್ಡ ಬಿಡಲು ಅವಕಾಶ. ನೌಕಾಪಡೆಯಲ್ಲಿ ಅನುಮತಿ ಪಡೆದು ಯಾರಾದರೂ ಬಿಡಬಹುದು.

ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ತೋರಿಸುತ್ತೀರಾ?

ತೋರಿಸುತ್ತೇನೆ. ಪ್ರಶ್ನೆ ಹೀಗಿರಲಿ: 'ಪರಮವೀರ ಚಕ್ರ' ಧಾರಾವಾಹಿಯಲ್ಲಿ ನಸೀರುದ್ದೀನ್ ಶಾ ಮಾಡಿದ ಪಾತ್ರದ ನಿಜ ಜೀವನದ ಹುದ್ದೆ ಯಾವುದು? ಸುಬೇದಾರ್, ನಾಯಕ್, ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್, ಲೆಫ್ಟಿನೆಂಟ್ ಎಂದು ನಾಲ್ಕು ಆಯ್ಕೆ.

ಮೊದಲ ಹೆಜ್ಜೆ, ಪಾತ್ರ ಗುರುತಿಸುವುದು. ಅದು ಅಬ್ದುಲ್ ಹಮೀದ್. ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಧಾಮುಪುರದವರು, 4ನೇ ಗ್ರೆನೇಡಿಯರ್ಸ್ ಪಡೆ. 1965ರ ಸೆಪ್ಟೆಂಬರ್ 10ರಂದು ಪಂಜಾಬಿನ ಖೇಮ್‌ಕರಣ್ ಭಾಗದ ಅಸಲ್ ಉತ್ತರ್‌ನಲ್ಲಿ ವೈರಿ ಟ್ಯಾಂಕ್‌ಗಳನ್ನು ಎದುರಿಸಿ ಪ್ರಾಣ ಕೊಟ್ಟರು. ಎರಡನೇ ಹೆಜ್ಜೆ, ಅವರು ಅಧಿಕಾರಿಯೂ ಅಲ್ಲ, ಜೆಸಿಓ ಕೂಡ ಅಲ್ಲ. ಹಾಗಾಗಿ ಲೆಫ್ಟಿನೆಂಟ್, ಸುಬೇದಾರ್ ಎರಡೂ ಹೋದವು. ಉಳಿದಿದ್ದು ತೋಳಿನ ಪಟ್ಟಿಯವರು. ಅದರಲ್ಲಿ ಹಮೀದ್ ಹವಾಲ್ದಾರ್, ಅದೂ ಕಂಪನಿಯ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್. ಉತ್ತರ ಸಿಕ್ಕಿತು.

ಆದರೆ ಇಲ್ಲಿಗೇ ಬಿಟ್ಟರೆ ಈ ಹುದ್ದೆಯ ತೂಕ ಗೊತ್ತಾಗುವುದಿಲ್ಲ. ಕಂಪನಿ ಕ್ವಾರ್ಟರ್‌ಮಾಸ್ಟರ್ ಅಂದರೆ ಕಂಪನಿಯ ರೇಷನ್, ಬಟ್ಟೆ, ಸಾಮಾನಿನ ಲೆಕ್ಕ ನೋಡಿಕೊಳ್ಳುವವರು. ಅಂಥ ಒಬ್ಬರು ಜೀಪಿನ ಮೇಲೆ ಕಟ್ಟಿದ 106 ಮಿಲಿಮೀಟರ್‌ನ ರಿಕಾಯ್ಲ್‌ಲೆಸ್ ಗನ್ ಹಿಡಿದು ಪ್ಯಾಟನ್ ಟ್ಯಾಂಕ್‌ಗಳ ಎದುರು ನಿಂತರು. ಈ ಗನ್ನಿನ ಗುಣ ತಿಳಿದರೆ ಇನ್ನೂ ಅರ್ಥವಾಗುತ್ತದೆ. ಗುಂಡು ಮುಂದೆ ಹೋಗುವಾಗ ಬಿಸಿ ಅನಿಲ ಹಿಂದಿನಿಂದ ಜೋರಾಗಿ ಹೊರಗೆ ನುಗ್ಗುತ್ತದೆ. ಅದಕ್ಕೇ ಗನ್ ಒದೆಯುವುದಿಲ್ಲ, ಜೀಪಿನ ಮೇಲೂ ಕಟ್ಟಬಹುದು. ಆದರೆ ಆ ಅನಿಲ ದೂಳು ಎಬ್ಬಿಸುತ್ತದೆ, ಬೆಂಕಿಯ ಮಿಂಚೂ ಕಾಣುತ್ತದೆ. ಎಲ್ಲಿಂದ ಹೊಡೆದರು ಅಂತ ವೈರಿಗೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಒಂದು ಗುಂಡು ಹೊಡೆದ ಕೂಡಲೇ ಜೀಪನ್ನು ಬೇರೆ ಕಡೆ ಒಯ್ಯಬೇಕು. ಜೀಪಿಗೆ ಟ್ಯಾಂಕಿನ ಹಾಗೆ ಉಕ್ಕಿನ ಕವಚ ಇಲ್ಲ. ಇರುವ ರಕ್ಷಣೆ ಹೊಲದ ಬೆಳೆ ಮತ್ತು ಜಾಗ ಬದಲಿಸುವ ವೇಗ ಎರಡೇ.

ಯಾವುದೇ ಧಾರಾವಾಹಿಯಲ್ಲಿ ಈ ಗನ್ ಬಂದಾಗ ಎರಡು ವಿಷಯ ಗಮನಿಸಿ. ಗನ್ನಿನ ಹಿಂದೆ ಯಾರಾದರೂ ನಿಂತಿದ್ದಾರಾ? ನಿಂತಿದ್ದರೆ ದೃಶ್ಯ ತಪ್ಪು, ಆ ಬೆಂಕಿಗೆ ಅವರು ಉಳಿಯುವುದಿಲ್ಲ. ಜೀಪು ಒಂದೇ ಜಾಗದಲ್ಲಿ ನಿಂತು ಗುಂಡಿನ ಮೇಲೆ ಗುಂಡು ಹೊಡೆಯುತ್ತಿದೆಯಾ? ಹಾಗಿದ್ದರೆ ಅದೂ ತಪ್ಪು.

ಹಮೀದ್ ಎಷ್ಟು ಟ್ಯಾಂಕ್ ಒಡೆದರು ಎಂಬ ಪ್ರಶ್ನೆಯನ್ನು ನಾನು ಕೇಳುವುದಿಲ್ಲ. ಒಂದೊಂದು ಕಡೆ ಒಂದೊಂದು ಸಂಖ್ಯೆ ಇದೆ. ಜಗಳ ಹುಟ್ಟಿಸುವ ಪ್ರಶ್ನೆ ಯಾಕೆ ಬೇಕು? ಹುದ್ದೆ, ಪಡೆ, ಜಾಗ, ದಿನಾಂಕ, ಗನ್ ಇವೆಲ್ಲ ಗಟ್ಟಿ ಇವೆ, ಅವನ್ನೇ ಕೇಳಿ.

ಪರಮವೀರ ಚಕ್ರದ ಬಗ್ಗೆ ಬೇರೆ ಏನು ಕೇಳುತ್ತಾರೆ?

ಇಲ್ಲಿಯವರೆಗೆ 21 ಮಂದಿಗೆ ಸಿಕ್ಕಿದೆ, ಅದರಲ್ಲಿ 14 ಮಂದಿಗೆ ಮರಣದ ನಂತರ. ಮೊದಲನೆಯವರು ಸೋಮನಾಥ ಶರ್ಮಾ, 1947ರ ನವೆಂಬರ್ 3, ಕಾಶ್ಮೀರದ ಬಡಗಾಂ. ವಾಯುಪಡೆಯಿಂದ ಒಬ್ಬರೇ, ನಿರ್ಮಲ್‌ಜಿತ್ ಸಿಂಗ್ ಸೆಖೋನ್. ನೌಕಾಪಡೆಯಿಂದ ಯಾರೂ ಇಲ್ಲ. ಪದಕದ ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಸ್ವಿಟ್ಜರ್ಲೆಂಡ್ ಮೂಲದವರು, ಭಾರತದ ಸೇನಾಧಿಕಾರಿಯನ್ನು ಮದುವೆಯಾಗಿ ಇಲ್ಲಿಯವರೇ ಆದವರು.

ನಮ್ಮ ರಾಜ್ಯದ ಮಕ್ಕಳು ಬಿಡಬಾರದ ಹೆಸರು ರಾಮ ರಾಘೋಬಾ ರಾಣೆ. ಕಾರವಾರದ ಚೆಂಡಿಯಾದವರು, ಬಾಂಬೆ ಎಂಜಿನಿಯರ್ಸ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿದ್ದರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಗೆ ನಮ್ಮ ಟ್ಯಾಂಕ್‌ಗಳು ಹೋಗಬೇಕಿತ್ತು. ದಾರಿಯಲ್ಲಿ ನೆಲಬಾಂಬ್, ಅಡ್ಡ ಬೀಳಿಸಿದ ಮರ. ಗುಂಡಿನ ಸುರಿಮಳೆಯ ನಡುವೆ ಅದನ್ನೆಲ್ಲ ತೆಗೆದು ದಾರಿ ಮಾಡಿಕೊಟ್ಟವರು ರಾಣೆ. ಬದುಕಿದ್ದಾಗಲೇ ಪದಕ ಪಡೆದರು. ನನಗೆ ಈ ಕಥೆ ಬಹಳ ಇಷ್ಟ. ಇಲ್ಲಿ ಗುಂಡು ಹೊಡೆದಿದ್ದಕ್ಕಲ್ಲ, ದಾರಿ ಬಿಡಿಸಿದ್ದಕ್ಕೆ ಪದಕ ಬಂತು. ಸೇನೆಯಲ್ಲಿ ಇಂಥ ಕೆಲಸವೂ ಇದೆ ಅಂತ ಧಾರಾವಾಹಿಗಳು ತೋರಿಸುವುದು ಕಡಿಮೆ.

ಧಾರಾವಾಹಿಗಳು ಸೇವೆಯ ಬದುಕನ್ನು ಎಷ್ಟು ಸರಿಯಾಗಿ ತೋರಿಸುತ್ತವೆ?

ತರಬೇತಿಯನ್ನು ಸುಮಾರಾಗಿ ತೋರಿಸುತ್ತವೆ. ಯುದ್ಧವನ್ನು ಜಾಸ್ತಿ ತೋರಿಸುತ್ತವೆ. ದಿನದಿನದ ಬದುಕನ್ನು ತೋರಿಸುವುದೇ ಇಲ್ಲ ಅನ್ನಬಹುದು. ಇದು ನನ್ನ ದೊಡ್ಡ ಆಕ್ಷೇಪ.

ನಮ್ಮ ಕಡೆಯ ಊರುಗಳಿಂದ ಸೇನೆಗೆ ಹೋಗುವ ಹುಡುಗರಲ್ಲಿ ಬಹಳ ಮಂದಿ ಸಿಪಾಯಿಯಾಗಿ ಸೇರುತ್ತಾರೆ. ನಾಯಕ್, ಹವಾಲ್ದಾರ್ ಆಗುತ್ತಾರೆ, ಕೆಲವರು ಸುಬೇದಾರ್ ಆಗಿ ನಿವೃತ್ತರಾಗುತ್ತಾರೆ. ಧಾರಾವಾಹಿ ನೋಡಿದರೆ ಸೇನೆ ತುಂಬ ಬರೀ ಕ್ಯಾಪ್ಟನ್, ಮೇಜರ್. ಹವಾಲ್ದಾರ್ ಬಂದರೆ ಒಂದು ತಮಾಷೆಯ ಮಾತು ಹೇಳಿ ಹೋಗುತ್ತಾನೆ, ಇಲ್ಲವೇ ನಾಯಕನ ಮಡಿಲಲ್ಲಿ ಸಾಯುತ್ತಾನೆ. ನಿಜದಲ್ಲಿ ಹೊಸ ಲೆಫ್ಟಿನೆಂಟ್‌ಗೆ ಪ್ಲಟೂನ್ ನಡೆಸುವುದನ್ನು ಹೇಳಿಕೊಡುವವರು ಇಪ್ಪತ್ತು ವರ್ಷ ಸೇವೆ ಮಾಡಿದ ಸುಬೇದಾರ್. ಅವರು ಆ ಚಿಕ್ಕ ವಯಸ್ಸಿನ ಅಧಿಕಾರಿಗೆ ಸೆಲ್ಯೂಟ್ ಮಾಡುತ್ತಾರೆ, ಆ ಅಧಿಕಾರಿ ಅವರನ್ನು 'ಸಾಬ್' ಅಂತಲೇ ಕರೆಯುತ್ತಾನೆ. ಈ ಎರಡು ಕಡೆಯ ಗೌರವವನ್ನು ಒಂದು ದೃಶ್ಯದಲ್ಲಿ ಸರಿಯಾಗಿ ತೋರಿಸಿದ ಧಾರಾವಾಹಿಗೆ ನಾನು ಬೇರೆ ಹತ್ತು ತಪ್ಪು ಮಾಫಿ ಮಾಡುತ್ತೇನೆ.

ಬೀದರಿನ ನಿವೃತ್ತ ಸುಬೇದಾರರೊಬ್ಬರು ಹೇಳಿದ್ದು: "ಏನ್ರೀ ಸರ, ಟಿವ್ಯಾಗ ಬರೇ ಬಂದೂಕ್ ತೋರಸ್ತಾರ. ಲಂಗರ್ ಯಾರೂ ತೋರಸಂಗಿಲ್ಲ ನೋಡ್ರಿ. ಬೆಳಗಿನ ಪಿಟಿ, ರೋಲ್ ಕಾಲ್, ಸೆಂಟ್ರಿ ಡ್ಯೂಟಿ, ಇದರಾಗ ನಮ್ಮ ಜಲ್ಮ ಹೋಗ್ಯಾದ್ರಿ." ಲಂಗರ್ ಅಂದರೆ ಜವಾನರ ಅಡುಗೆಮನೆ. ದಿನಕ್ಕೆ ಮೂರು ಹೊತ್ತು ಎಲ್ಲರೂ ಸೇರುವ ಜಾಗ ಅದೇ.

ಮನೆಯವರ ಬದುಕು?

ಇಲ್ಲಿ ತಿಳಿಯಬೇಕಾದ್ದು ಫೀಲ್ಡ್ ಮತ್ತು ಪೀಸ್ ಎಂಬ ಎರಡು ಬಗೆಯ ಪೋಸ್ಟಿಂಗ್. ಗಡಿಯ ಕಡೆ ಫೀಲ್ಡ್‌ನಲ್ಲಿದ್ದರೆ ಮನೆಯವರನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ. ಪೀಸ್ ಸ್ಟೇಷನ್‌ಗೆ ಬಂದಾಗ ಕ್ವಾರ್ಟರ್ಸ್ ಸಿಕ್ಕರೆ ಹೆಂಡತಿ ಮಕ್ಕಳು ಬರುತ್ತಾರೆ. ಎರಡು ಮೂರು ವರ್ಷಕ್ಕೆ ಮತ್ತೆ ಬದಲು. ಮಕ್ಕಳ ಶಾಲೆ, ಮಾತಾಡುವ ಭಾಷೆ ಎಲ್ಲ ಬದಲಾಗುತ್ತದೆ. ಧಾರಾವಾಹಿಯಲ್ಲಿ ಗಡಿ ಠಾಣೆಯ ಪಕ್ಕದಲ್ಲೇ ನಾಯಕನ ಮನೆ ಇರುತ್ತದೆ, ಸಂಜೆ ಊಟಕ್ಕೆ ಬರುತ್ತಾನೆ. ಹಾಗೆ ನಡೆಯುವುದಿಲ್ಲ.

ರಜೆಯ ವಿಷಯ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. 2022ರಲ್ಲಿ ಬಂದ ಅಗ್ನಿವೀರ ಯೋಜನೆಯವರಿಗೆ ವರ್ಷಕ್ಕೆ 30 ದಿನ. ಅವರ ಸೇವೆ 4 ವರ್ಷ, ಆಮೇಲೆ ಶೇಕಡ 25ರವರೆಗೆ ಮಾತ್ರ ಮುಂದುವರಿಯುತ್ತಾರೆ. ಈ ಹುಡುಗರ ಬದುಕನ್ನು ಹಳೆಯ ಧಾರಾವಾಹಿಗಳ ಕಣ್ಣಿನಿಂದ ನೋಡಿದರೆ ಅರ್ಥವಾಗುವುದಿಲ್ಲ.

ಪತ್ರದ ಮೇಲೆ '56 ಎಪಿಓ' ಅಂತ ಇರುತ್ತದಲ್ಲ, ಅದು ಯಾವ ಊರು?

ಅದು ಊರಲ್ಲ. ಸೇನೆಯ ಅಂಚೆ ವ್ಯವಸ್ಥೆಯ ವಿಳಾಸ. ಘಟಕ ಎಲ್ಲಿದೆ ಅಂತ ಹೊರಗಿನವರಿಗೆ ಗೊತ್ತಾಗಬಾರದು. ಅದಕ್ಕೆ ಸೈನಿಕನ ನಂಬರ್, ಹುದ್ದೆ, ಹೆಸರು, ಘಟಕ ಬರೆದು ಕೊನೆಗೆ 56 ಎಪಿಓ ಇಲ್ಲವೇ 99 ಎಪಿಓ ಅಂತ ಬರೆಯುತ್ತಾರೆ. 56ರದ್ದು ದೆಹಲಿಯ ಮೂಲಕ, 99ರದ್ದು ಕೋಲ್ಕತ್ತದ ಮೂಲಕ ಹೋಗುತ್ತದೆ. ಧಾರಾವಾಹಿಯಲ್ಲಿ ತಾಯಿ ಓದುವ ಇನ್‌ಲ್ಯಾಂಡ್ ಪತ್ರದ ಮೇಲೆ ಗಡಿ ಊರಿನ ಹೆಸರು, ಪಿನ್ ಕೋಡ್ ಸಮೇತ ಕಂಡರೆ ಆ ತಂಡ ಯಾವ ಫೌಜಿಯ ಮನೆಗೂ ಹೋಗಿ ನೋಡಿಲ್ಲ ಅಂತ ತಿಳಿಯಬಹುದು. ನಮ್ಮ ಕಡೆ ಹಳೆಯ ಟ್ರಂಕ್ ತೆಗೆದರೆ ಈಗಲೂ ಇಂಥ ಪತ್ರಗಳು ಸಿಗುತ್ತವೆ.

ಅಂತ್ಯಕ್ರಿಯೆಯ ದೃಶ್ಯದಲ್ಲಿ ಏನು ನೋಡಬೇಕು?

ಧ್ವಜ ನೋಡಬೇಕು. ಕೇಸರಿ ಭಾಗ ತಲೆಯ ಕಡೆ ಇರಬೇಕು. ಚಿತೆಗೆ ಇಡುವ ಮುಂಚೆ ಧ್ವಜವನ್ನು ತೆಗೆಯಬೇಕು. ಅದನ್ನು ಸುಡುವಂತಿಲ್ಲ, ಗೋರಿಗೆ ಇಳಿಸುವಂತಿಲ್ಲ. ಇದು ಧ್ವಜ ಸಂಹಿತೆಯ ನಿಯಮ. ತೆಗೆದ ಧ್ವಜವನ್ನು ಮಡಚಿ ಮನೆಯವರ ಕೈಗೆ ಕೊಡುತ್ತಾರೆ. ಧ್ವಜದ ಸಮೇತ ಚಿತೆಗೆ ಬೆಂಕಿ ಇಡುವ ದೃಶ್ಯ ತೋರಿಸಿದರೆ ಅದು ಸಣ್ಣ ತಪ್ಪಲ್ಲ.

ವಾಯುಪಡೆಯ ಪ್ರಶ್ನೆಗಳಲ್ಲಿ ಬೀದರ್ ಬರುತ್ತದಾ?

ಖಂಡಿತ ಬರುತ್ತದೆ. ಆಕಾಶದಲ್ಲಿ ವಿಮಾನಗಳ ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ನೆಲೆ ಬೀದರ್ ವಾಯುಪಡೆ ನಿಲ್ದಾಣ. ತಂಡ ಹುಟ್ಟಿದ್ದು 1996ರಲ್ಲಿ, ಆಗ ಕಿರಣ್ ವಿಮಾನ. 2011ರಲ್ಲಿ ನಿಂತಿತು, ಮತ್ತೆ ಶುರುವಾದಾಗ ಹಾಕ್ ವಿಮಾನ ಬಂತು. ಒಂದು ತಂಡದಲ್ಲಿ 9 ವಿಮಾನ ಒಟ್ಟಿಗೆ ಹಾರುತ್ತವೆ. ಫೈಟರ್ ಪೈಲಟ್‌ಗಳಾಗುವವರು ಹಾಕ್ ವಿಮಾನದಲ್ಲಿ ತರಬೇತಿ ಪಡೆಯುವುದೂ ಬೀದರಿನಲ್ಲೇ. ಅದಕ್ಕೂ ಮುಂಚೆ ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿ.

ಧಾರಾವಾಹಿಯಲ್ಲಿ ಹುಡುಗ ಒಂದು ಕಂತಿನಲ್ಲಿ ಅಕಾಡೆಮಿ ಸೇರುತ್ತಾನೆ, ಮುಂದಿನ ಕಂತಿನಲ್ಲಿ ಸುಖೋಯ್ ಹಾರಿಸುತ್ತಾನೆ. ನಡುವೆ ಒಂದು ವಿಮಾನದಿಂದ ಇನ್ನೊಂದಕ್ಕೆ ಹಂತ ಹಂತವಾಗಿ ಹೋಗುವುದು ಇದೆ, ಹಂತದಲ್ಲಿ ಕೆಲವರು ಬೇರೆ ದಾರಿಗೆ ಹೋಗುತ್ತಾರೆ. ಹೆಲಿಕಾಪ್ಟರ್, ಸಾಗಣೆ ವಿಮಾನ. ಬೀದರಿನ ಆಕಾಶದಲ್ಲಿ ದಿನಾ ಕೇಳುವ ಸದ್ದು ಆ ನಡುವಿನ ಹಂತದ್ದು.

ಸೆಪ್ಟೆಂಬರ್ 17ರ ಕ್ವಿಜ್‌ಗೆ ಸೇನೆಯ ಪ್ರಶ್ನೆ ಯಾವುದು?

ಆಪರೇಷನ್ ಪೋಲೋ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಿಜಾಮನ ಹೈದರಾಬಾದ್ ರಾಜ್ಯಕ್ಕೆ ಇಳಿಯಿತು. ಆಗ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ಆ ರಾಜ್ಯದಲ್ಲಿದ್ದವು. ಸೊಲ್ಲಾಪುರ ಕಡೆಯಿಂದ ಬಂದ ಮುಖ್ಯ ಪಡೆ ನಳದುರ್ಗ ದಾಟಿ, ನಮ್ಮ ಬೀದರ್ ಜಿಲ್ಲೆಯ ರಾಜೇಶ್ವರ, ಹುಮನಾಬಾದ್ ಮೂಲಕ ಮುಂದೆ ಹೋಯಿತು. ಈಗಿನ ಹೈದರಾಬಾದ್ ಹೆದ್ದಾರಿಯ ದಾರಿಯೇ ಅದು.

ಬಲೆ ಎಲ್ಲಿದೆ ಅಂದರೆ ದಿನಾಂಕದಲ್ಲಿ. ಕದನ ನಿಂತಿದ್ದು 17ರ ಸಂಜೆ. ನಿಜಾಮನ ಸೇನಾಪತಿ ಎಲ್ ಎಡ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರಿಗೆ ಶರಣಾಗಿದ್ದು 18ರಂದು. ಪ್ರಶ್ನೆಯಲ್ಲಿ ಯಾವುದನ್ನು ಕೇಳಿದ್ದಾರೆ ಅಂತ ಗಮನಿಸಿ. ಇದೇ ಚೌಧುರಿ 1965ರ ಯುದ್ಧದ ಹೊತ್ತಿಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಅಂದರೆ ಅಬ್ದುಲ್ ಹಮೀದ್ ಹೋರಾಡಿದ ಸೇನೆಯ ಮುಖ್ಯಸ್ಥರು ನಮ್ಮ ಭಾಗಕ್ಕೆ ಸೇನೆ ತಂದವರೇ. ಎರಡನ್ನೂ ಜೋಡಿಸಿ ಕೇಳಿದರೆ ಒಳ್ಳೆಯ ಪ್ರಶ್ನೆಯಾಗುತ್ತದೆ.

ಶಾಲೆಯ ನಾಟಕದಲ್ಲಿ ಮಕ್ಕಳಿಗೆ ಸೇನೆಯ ಬಟ್ಟೆ ಹಾಕಿಸಬಹುದಾ?

ವೇದಿಕೆಯ ಮೇಲೆ ಪಾತ್ರವಾಗಿ ಹಾಕಿಸಬಹುದು. ಸೈನಿಕ ಅಂತ ನಂಬಿಸುವ ಉದ್ದೇಶದಿಂದ ಹಾಕಿಕೊಂಡರೆ ಮಾತ್ರ ಅಪರಾಧ. ಆದರೆ ಈಗಿನ ಹೊಸ ಕಾಂಬ್ಯಾಟ್ ಮಾದರಿಯ ವಿನ್ಯಾಸವನ್ನು ಸೇನೆ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ಅಂಗಡಿಯಲ್ಲಿ ಸಿಗುವ ನಕಲು ಬಟ್ಟೆ ಕೊಳ್ಳಬೇಡಿ. ಸಾದಾ ಹಸಿರು ಬಟ್ಟೆ ಸಾಕು. ಹೆಗಲಿಗೆ ನಕ್ಷತ್ರ ಅಂಟಿಸುವಾಗ ಪಾತ್ರ ಸುಬೇದಾರನದ್ದಾಗಿದ್ದರೆ ಕೆಂಪು-ಹಳದಿ-ಕೆಂಪು ಪಟ್ಟಿಯನ್ನು ಮರೆಯಬೇಡಿ. ಒಂದು ತುಂಡು ರಿಬ್ಬನ್ ಇದ್ದರೆ ಆಗುತ್ತದೆ.